ಮೊಮ್ಮಗಳಿಗೆ ಮನೆ, ತಮಗೆ ವಾಸದ ಹಕ್ಕು: ದಾನಪತ್ರದ ಕರಡಿನಲ್ಲಿ ತಿದ್ದಬೇಕಾದ ಸಾಲುಗಳು

ಪ್ರಶ್ನೆ: ನನಗೆ 78 ವರ್ಷ, ಹೆಂಡತಿಗೆ 72. ದಾವಣಗೆರೆಯಲ್ಲಿ 1988ರಲ್ಲಿ ಸಂಬಳದ ಹಣದಿಂದ ನಿವೇಶನ ಕೊಂಡು ಮನೆ ಕಟ್ಟಿದೆ. 2003ರಲ್ಲಿ ಊರಿನ ಹೊಲ ಮಾರಿದ ದುಡ್ಡನ್ನೂ ಸೇರಿಸಿ ಮೇಲಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇನೆ. ಇಬ್ಬರು ಗಂಡುಮಕ್ಕಳು ಬೇರೆ ಊರುಗಳಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾರೆ. ಮಗಳು ತೀರಿಕೊಂಡಿದ್ದಾಳೆ, ಅಳಿಯ ಮತ್ತೆ ಮದುವೆಯಾಗಿದ್ದಾರೆ. ಅವಳ ಮಗಳು, 24 ವರ್ಷದವಳು, ನಮ್ಮಲ್ಲೇ ಬೆಳೆದವಳು. ಮನೆಯನ್ನು ಅವಳಿಗೆ ದಾನಪತ್ರ ಮಾಡಿ, ನಾವಿರುವವರೆಗೆ ನಾವೇ ಅಲ್ಲಿರಬೇಕೆಂದು ಕರಡು ಬರೆದಿದ್ದೇನೆ. ಸ್ವಾಧೀನ ಬಿಟ್ಟುಕೊಡದಿದ್ದರೆ ದಾನ ಊರ್ಜಿತವಲ್ಲ, ಗಂಡುಮಕ್ಕಳ ಸಹಿಯಿಲ್ಲದೆ ನಡೆಯದು ಎಂದು ಪರಿಚಯದವರು ಹೇಳುತ್ತಾರೆ. ಕರಡನ್ನು ನೋಡಿ ತಿಳಿಸುವಿರಾ?

ಉತ್ತರ: ನೀವು ಕಳುಹಿಸಿದ ಎರಡು ಪುಟಗಳ ಕರಡನ್ನು ಪೂರ್ತಿ ಓದಿದ್ದೇನೆ. ಚೆಕ್ಕುಬಂದಿ, ಅಳತೆ, ಖಾತೆ ಸಂಖ್ಯೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದೀರಿ. ನಿಮ್ಮ ಪರಿಚಯದವರು ಹೆದರಿಸಿದ ಕಡೆ ದೊಡ್ಡ ಅಪಾಯವಿಲ್ಲ. ಅಪಾಯವಿರುವುದು ಅವರು ಗಮನಿಸದ ಮೂರು ಸಾಲುಗಳಲ್ಲಿ. ಅವುಗಳಲ್ಲಿ ಒಂದು ನಿಮ್ಮ ದಾನಪತ್ರವನ್ನು ಉಯಿಲಾಗಿ ಮಾಡಿಬಿಡುತ್ತದೆ, ಇನ್ನೊಂದು ದಾನವನ್ನೇ ಶೂನ್ಯವಾಗಿಸುತ್ತದೆ.

ಮೊದಲು ಸ್ವಾಧೀನದ ಮಾತು. ಸ್ಥಿರಾಸ್ತಿಯ ದಾನಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆ, 1882ರ 122 ಮತ್ತು 123ನೇ ಕಲಮುಗಳು ಕೇಳುವುದು ಇಷ್ಟು: ದಾನ ಮಾಡುವವರು ಸ್ವಇಚ್ಛೆಯಿಂದ, ಪ್ರತಿಫಲವಿಲ್ಲದೆ ಕೊಟ್ಟಿರಬೇಕು, ಅವರು ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಿರಬೇಕು, ಪತ್ರಕ್ಕೆ ದಾನಿಯ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಂದಣಿ ಆಗಿರಬೇಕು. ಮನೆಯ ಬೀಗದ ಕೈ ಕೊಟ್ಟಿರಬೇಕೆಂದು ಅಲ್ಲೆಲ್ಲೂ ಹೇಳಿಲ್ಲ. ಈ ಸಂದೇಹ ನ್ಯಾಯಾಲಯಗಳಲ್ಲೂ ಬಹುಕಾಲ ಇತ್ತು. 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. ಆ ಪ್ರಕರಣದಲ್ಲಿಯೂ ದಾನ ಮಾಡಿದವರು ಜೀವಿತಾವಧಿಯ ಸ್ವಾಧೀನಾನುಭವವನ್ನು ತಮಗೇ ಉಳಿಸಿಕೊಂಡಿದ್ದರು. ಮುಂದೆ ಮನಸ್ಸು ಬದಲಾಗಿ ರದ್ದುಪತ್ರವನ್ನೂ ಮಾಡಿದ್ದರು. ಅನುಭವವನ್ನು ಉಳಿಸಿಕೊಂಡ ಮಾತ್ರಕ್ಕೆ ದಾನ ಕೆಡುವುದಿಲ್ಲ, ಮಾಲೀಕತ್ವ ದಾನದ ದಿನವೇ ದಾಟಿ ಹೋಗಿದೆ ಎಂದು ನ್ಯಾಯಾಲಯ ಹೇಳಿ ದಾನವನ್ನು ಎತ್ತಿಹಿಡಿಯಿತು. ಈ ತೀರ್ಪಿನ ಎರಡೂ ಮುಖಗಳನ್ನು ನೀವು ನೆನಪಿನಲ್ಲಿಡಬೇಕು. ನಿಮ್ಮ ವಾಸದ ಹಕ್ಕನ್ನು ಅದು ಕಾಯುತ್ತದೆ. ಅದೇ ವೇಳೆ, ಸ್ವಾಧೀನ ನನ್ನ ಬಳಿಯೇ ಇದೆಯಲ್ಲ, ಬೇಡವೆನಿಸಿದರೆ ಹಿಂಪಡೆಯಬಹುದು ಎಂಬ ನೆಮ್ಮದಿಯನ್ನು ಕಿತ್ತುಕೊಳ್ಳುತ್ತದೆ. ಸ್ವಾಧೀನ ಕೊಡದೆ ದಾನವಿಲ್ಲ ಎಂಬ ಮಾತು ಮುಸ್ಲಿಂ ವೈಯಕ್ತಿಕ ಕಾನೂನಿನ ಹಿಬಾಗೆ ಸಂಬಂಧಿಸಿದ್ದು; ಅಲ್ಲಿ ಸ್ವಾಧೀನ ಒಪ್ಪಿಸುವುದು ನಿಜವಾಗಿಯೂ ಅಗತ್ಯ. ಬಹುಶಃ ನಿಮ್ಮ ಪರಿಚಯದವರು ಅದನ್ನು ಎಲ್ಲಿಯೋ ಕೇಳಿ ನಿಮ್ಮ ಮನೆಗೂ ಅನ್ವಯಿಸಿದ್ದಾರೆ.

ಈಗ ಕರಡಿನ ನಾಲ್ಕನೆಯ ಪರಿಚ್ಛೇದ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ನಾನು ಜೀವಂತ ಇರುವವರೆಗೆ ಸದರಿ ಮನೆಯು ನನ್ನದಾಗಿಯೇ ಇದ್ದು, ನನ್ನ ಕಾಲಾನಂತರ ನೀನು ಮಾಲೀಕಳಾಗತಕ್ಕದ್ದು." ಆಡುಮಾತಿನಲ್ಲಿ ಇದು ನಿಮ್ಮ ಮನಸ್ಸಿನಲ್ಲಿರುವುದನ್ನೇ ಹೇಳುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಇದು ಉಯಿಲಿನ ಭಾಷೆ. ತಲೆಬರಹದಲ್ಲಿ ದಾನಪತ್ರ ಎಂದಿದ್ದರೂ, ನೋಂದಣಿಯಾಗಿದ್ದರೂ, ನ್ಯಾಯಾಲಯ ನೋಡುವುದು ಒಳಗಿನ ಮಾತನ್ನು. ಬರೆದ ದಿನವೇ ಹಕ್ಕು ದಾಟಿದರೆ ಅದು ದಾನ, ಸತ್ತ ಮೇಲೆ ದಾಟುವುದಾದರೆ ಅದು ಉಯಿಲು. ಉಯಿಲೆಂದು ತೀರ್ಮಾನವಾದರೆ ನೀವು ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು, ನಿಮ್ಮ ಮೊಮ್ಮಗಳಿಗೆ ಇಂದು ಯಾವ ಹಕ್ಕೂ ಬಂದಿರುವುದಿಲ್ಲ, ನೀವು ಹೋದ ಮೇಲೆ ಅವಳು ಅದನ್ನು ಉಯಿಲೆಂದೇ ಸಾಬೀತುಪಡಿಸಬೇಕಾಗುತ್ತದೆ. ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ಇಂಥದೇ ಒಂದು ಪತ್ರವನ್ನು ಹಿಡಿದು ಒಬ್ಬ ಹೆಣ್ಣುಮಗಳು ಬಂದಿದ್ದರು. ಬಿಕ್ಕಲಂ ಹಾಕಿದವರು ಹಳೆಯ ಉಯಿಲೊಂದನ್ನು ಎದುರಿಗಿಟ್ಟುಕೊಂಡು ದಾನಪತ್ರ ಬರೆದಿದ್ದರಿಂದ "ಕಾಲಾನಂತರ" ಎಂಬ ಪದ ಮೂರು ಕಡೆ ಹಾಗೆಯೇ ಉಳಿದುಕೊಂಡಿತ್ತು. ದಾವೆಯುದ್ದಕ್ಕೂ ಚರ್ಚೆ ನಡೆದದ್ದು ಆ ಒಂದು ಪದದ ಸುತ್ತಲೇ.

ಆದ್ದರಿಂದ ಆ ಪರಿಚ್ಛೇದವನ್ನು ತೆಗೆದು ಈ ಧಾಟಿಯಲ್ಲಿ ಬರೆಯಿಸಿ: "ಷೆಡ್ಯೂಲ್ ಸ್ವತ್ತಿನ ಸಂಪೂರ್ಣ ಮಾಲೀಕತ್ವವನ್ನು ಈ ದಿನವೇ ನಿನಗೆ ದಾನವಾಗಿ ಕೊಟ್ಟಿರುತ್ತೇನೆ. ಸದರಿ ಮನೆಯ ನೆಲ ಅಂತಸ್ತಿನಲ್ಲಿ ನನ್ನ ಜೀವಿತಾವಧಿಯವರೆಗೆ ವಾಸಿಸುವ ಹಕ್ಕನ್ನೂ, ಮೇಲಂತಸ್ತಿನ ಬಾಡಿಗೆಯನ್ನು ಪಡೆಯುವ ಹಕ್ಕನ್ನೂ ನನಗಾಗಿ ಉಳಿಸಿಕೊಂಡಿರುತ್ತೇನೆ. ಈ ಹಕ್ಕುಗಳಿಗೆ ಒಳಪಟ್ಟು ನೀನು ಸ್ವತ್ತಿನ ಮಾಲೀಕಳಾಗಿರುತ್ತೀಯೆ." ಕೊಟ್ಟದ್ದು ಯಾವುದು, ಉಳಿಸಿಕೊಂಡದ್ದು ಯಾವುದು ಎಂಬುದು ಹೀಗೆ ಬೇರೆಬೇರೆ ವಾಕ್ಯಗಳಲ್ಲಿ ನಿಲ್ಲಬೇಕು. ಬಾಡಿಗೆಯ ಮಾತನ್ನು ನಾನಾಗಿಯೇ ಸೇರಿಸಿದ್ದೇನೆ, ಏಕೆಂದರೆ ನಿಮ್ಮ ಕರಡಿನಲ್ಲಿ ಅದು ಇಲ್ಲವೇ ಇಲ್ಲ. ಬರೀ ವಾಸದ ಹಕ್ಕನ್ನು ಉಳಿಸಿಕೊಂಡರೆ ಮೇಲಿನ ಬಾಡಿಗೆ ಮರುದಿನದಿಂದಲೇ ಹೊಸ ಮಾಲೀಕಳದ್ದಾಗುತ್ತದೆ. ಅವಳು ಕೇಳಲಿಕ್ಕಿಲ್ಲ, ಆದರೆ ಬಾಡಿಗೆದಾರರು ಯಾರ ಖಾತೆಗೆ ಹಾಕಬೇಕೆಂದು ಕೇಳುತ್ತಾರೆ. ಮನೆ ಕಂದಾಯ ಯಾರು ಕಟ್ಟಬೇಕು, ಸೋರುವ ತಾರಸಿಯನ್ನು ಯಾರ ಖರ್ಚಿನಲ್ಲಿ ರಿಪೇರಿ ಮಾಡಿಸಬೇಕು ಎಂಬುದಕ್ಕೂ ಒಂದೊಂದು ಸಾಲು ಇರಲಿ. ಚಿಕಿತ್ಸೆಗಾಗಿಯೋ ಮಕ್ಕಳ ಮನೆಗೋ ಹೋಗಿ ನೀವು ಆರು ತಿಂಗಳು ಹೊರಗಿದ್ದರೂ ವಾಸದ ಹಕ್ಕು ಮುಗಿಯುವುದಿಲ್ಲ, ನಿಮ್ಮನ್ನು ನೋಡಿಕೊಳ್ಳುವವರನ್ನು ಜೊತೆಗಿಟ್ಟುಕೊಳ್ಳಬಹುದು ಎಂದೂ ಸೇರಿಸಿ. ಜಗಳ ಹುಟ್ಟುವುದು ಸಾಮಾನ್ಯವಾಗಿ ಇಂಥ ಸಣ್ಣ ಕಡೆಗಳಲ್ಲಿಯೇ.

ಕರಡಿನಲ್ಲಿ ನಿಮ್ಮ ಶ್ರೀಮತಿಯವರ ಹೆಸರೇ ಇಲ್ಲ. ನೀವು ಮೊದಲು ಹೋದರೆ ನಿಮಗಾಗಿ ಉಳಿಸಿಕೊಂಡ ಹಕ್ಕು ಅಂದೇ ಮುಗಿಯುತ್ತದೆ, 72ರ ಅಜ್ಜಿ ಮೊಮ್ಮಗಳ ಮನೆಯಲ್ಲಿ ಅವಳ ಒಳ್ಳೆಯತನದ ಮೇಲೆ ಇರುವವರಾಗುತ್ತಾರೆ. ಅವರ ಜೀವಿತಾವಧಿಯ ವಾಸದ ಹಕ್ಕನ್ನೂ ಪತ್ರದಲ್ಲಿ ಹೇಳಿ, ಒಪ್ಪಿದ್ದಕ್ಕೆ ಅವರ ಸಹಿಯನ್ನೂ ಪಡೆಯಿರಿ. ಇಲ್ಲಿ ಒಂದು ಎಚ್ಚರಿಕೆ ಬೇಕು. "ಜೀವನಾಂಶಕ್ಕಾಗಿ ಮನೆಯ ಅನುಭವವನ್ನು ಅವಳಿಗೆ ಕೊಟ್ಟಿದ್ದೇನೆ" ಎಂಬಂತೆ ಬರೆಯಬೇಡಿ. ಹಿಂದೂ ಸ್ತ್ರೀಗೆ ಜೀವನಾಂಶದ ಬದಲಿಗೆ ಸೀಮಿತ ಹಕ್ಕಿನ ಮೇಲೆ ಕೊಟ್ಟ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ನೇ ಕಲಮಿನಂತೆ ಅವಳ ಸಂಪೂರ್ಣ ಸ್ವತ್ತಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1977ರ ತುಳಸಮ್ಮ ಪ್ರಕರಣದಲ್ಲಿ ಹೇಳಿದೆ. ಅಜ್ಜಿಗೆ ಸೂರು ಇರಲಿ ಎಂದು ಬರೆದ ಸಾಲು, ಮುಂದೆ ಅಜ್ಜಿಯ ವಾರಸುದಾರರಾಗಿ ನಿಮ್ಮ ಗಂಡುಮಕ್ಕಳು ಪಾಲು ಕೇಳಲು ದಾರಿಯಾಗಬಾರದು. ಮಾಲೀಕತ್ವ ಮೊಮ್ಮಗಳದು, ಅಜ್ಜಿಯದು ನೆಲ ಅಂತಸ್ತಿನಲ್ಲಿ ವಾಸಿಸುವ ವೈಯಕ್ತಿಕ ಹಕ್ಕು ಮಾತ್ರ ಎಂದು ಬಿಡಿಸಿ ಹೇಳಿದರೆ ಆ ವಾದಕ್ಕೆ ಎಡೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಆರನೆಯ ಪರಿಚ್ಛೇದವೇ ಎಲ್ಲಕ್ಕಿಂತ ಅಪಾಯದ್ದು: "ಮುಂದೆ ನನಗೆ ಅವಶ್ಯವೆಂದು ತೋರಿದಲ್ಲಿ ಈ ದಾನವನ್ನು ರದ್ದುಪಡಿಸುವ ಹಕ್ಕು ನನಗಿರುತ್ತದೆ." ಹಿರಿಯರು ಈ ಸಾಲನ್ನು ಯಾಕೆ ಬರೆಯುತ್ತಾರೆಂದು ನನಗೆ ಗೊತ್ತಿದೆ, ಬದುಕಿನ ಉಳಿತಾಯವನ್ನೆಲ್ಲ ಒಂದು ಸಹಿಯಲ್ಲಿ ದಾಟಿಸುವಾಗ ಹಿಂದಿನ ಬಾಗಿಲನ್ನು ಓರೆ ಮಾಡಿ ಇಡಬೇಕೆನಿಸುವುದು ಸಹಜ. ಆದರೆ ದಾನಿಯ ಇಚ್ಛೆಯೊಂದರ ಮೇಲೆಯೇ ರದ್ದಾಗಬಲ್ಲ ದಾನ ಶೂನ್ಯ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಮು ಹೇಳುತ್ತದೆ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಒಬ್ಬನು ಒಂದು ಲಕ್ಷ ರೂಪಾಯಿ ದಾನ ಮಾಡಿ, ಅದರಲ್ಲಿ ಹತ್ತು ಸಾವಿರವನ್ನು ಮನಸ್ಸು ಬಂದಾಗ ಹಿಂಪಡೆಯುವ ಹಕ್ಕನ್ನು ಇಟ್ಟುಕೊಂಡರೆ, ತೊಂಬತ್ತು ಸಾವಿರದ ದಾನ ನಿಲ್ಲುತ್ತದೆ, ಆ ಹತ್ತು ಸಾವಿರದ ದಾನ ನಿಲ್ಲುವುದಿಲ್ಲ. ನೀವು ಇಡೀ ಮನೆಗೆ ಆ ಹಕ್ಕನ್ನು ಇಟ್ಟುಕೊಂಡಿದ್ದೀರಿ. ಅಂದರೆ ಇಡೀ ದಾನವೇ ನಿಲ್ಲುವುದಿಲ್ಲ ಎಂದು ನಿಮ್ಮ ಗಂಡುಮಕ್ಕಳ ವಕೀಲರು ವಾದಿಸಲು ಬೇರೆ ದಾಖಲೆಯೇ ಬೇಕಿಲ್ಲ.

ಹಾಗೆಂದು ನಿಮಗೆ ಯಾವ ರಕ್ಷಣೆಯೂ ಇಲ್ಲವೆಂದಲ್ಲ. ಅದೇ ಕಲಮಿನ ಮೊದಲ ಉದಾಹರಣೆ ನಿಮಗಾಗಿಯೇ ಬರೆದಂತಿದೆ: ಒಬ್ಬನು ತನ್ನ ಹೊಲವನ್ನು ಇನ್ನೊಬ್ಬನಿಗೆ ಕೊಡುವಾಗ, ಪಡೆಯುವವನ ಒಪ್ಪಿಗೆಯೊಂದಿಗೆ, ಅವನೂ ಅವನ ಸಂತತಿಯೂ ತನಗಿಂತ ಮೊದಲು ತೀರಿಕೊಂಡರೆ ಹೊಲವನ್ನು ಹಿಂಪಡೆಯುವ ಹಕ್ಕನ್ನು ಇಟ್ಟುಕೊಳ್ಳಬಹುದು. ಅದು ದಾನಿಯ ಇಚ್ಛೆಗೆ ಒಳಪಡದ ಘಟನೆಯಾದ್ದರಿಂದ ಸಿಂಧು. ಅಶುಭದ ಮಾತೆಂದು ಮನೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ನಾನು ಎತ್ತಲೇಬೇಕು. ಮದುವೆಗೆ ಮೊದಲೇ ನಿಮ್ಮ ಮೊಮ್ಮಗಳಿಗೆ ಏನಾದರೂ ಆದರೆ, ಅವಳು ಉಯಿಲು ಮಾಡಿರದಿದ್ದರೆ, ತಾಯಿ ಈಗಾಗಲೇ ಇಲ್ಲವಾದ್ದರಿಂದ ಮನೆ ಹೋಗುವುದು ಅವಳ ತಂದೆಗೆ, ಎಂದರೆ ಮತ್ತೆ ಮದುವೆಯಾದ ನಿಮ್ಮ ಅಳಿಯನಿಗೆ. ಮದುವೆಯಾಗಿ ಮಕ್ಕಳಿಲ್ಲದೆ ಹೋದರೆ ಅವಳ ಗಂಡನಿಗೆ. ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿಗೆ ಇರುವ ವಿನಾಯಿತಿ, ಅಜ್ಜನ ದಾನದಿಂದ ಬಂದ ಆಸ್ತಿಗೆ ಸಿಗುವುದಿಲ್ಲ. ನಿಮ್ಮ ವಾಸದ ಹಕ್ಕು ಆಗಲೂ ಉಳಿಯುತ್ತದೆ, ನಿಜ. ಆದರೆ ಮನೆಯ ಮಾಲೀಕರಾಗಿ ಯಾರು ಎದುರಿಗೆ ಕೂತಿರುತ್ತಾರೆಂಬುದನ್ನು ಯೋಚಿಸಿ. ಅವಳು ಸಂತಾನವಿಲ್ಲದೆ ನಿಮಗಿಂತ ಮೊದಲು ತೀರಿಕೊಂಡಲ್ಲಿ ಸ್ವತ್ತನ್ನು ಹಿಂಪಡೆಯುವ ಹಕ್ಕು ನಿಮಗಿರುತ್ತದೆ ಎಂಬ ಷರತ್ತನ್ನು, ಅವಳ ಒಪ್ಪಿಗೆಯ ಮಾತಿನೊಂದಿಗೆ, ಆರನೆಯ ಪರಿಚ್ಛೇದದ ಜಾಗದಲ್ಲಿ ಹಾಕಿಸಿ.

ಅವಳು ನಿಮ್ಮನ್ನು ನೋಡಿಕೊಳ್ಳದೆ ಹೋದರೆ ಎಂಬುದು ಬೇರೆಯದೇ ಪ್ರಶ್ನೆ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನಂತೆ, ಮೂಲ ಅಗತ್ಯಗಳನ್ನು ಒದಗಿಸಬೇಕೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕರು ಆಸ್ತಿಯನ್ನು ಕೊಟ್ಟು, ಪಡೆದವರು ಅದನ್ನು ನಿರಾಕರಿಸಿದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿ ಶೂನ್ಯವೆಂದು ಘೋಷಿಸಬಹುದು. ಕರ್ನಾಟಕದಲ್ಲಿ ಈ ಅರ್ಜಿ ಸಲ್ಲುವುದು ಉಪವಿಭಾಗಾಧಿಕಾರಿಗಳ ಮುಂದೆ. ಸಿವಿಲ್ ದಾವೆಯಷ್ಟು ಉದ್ದದ ದಾರಿಯಲ್ಲ. ಆದರೆ "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಎಂಬ ವಾಡಿಕೆಯ ಮಾತಿನಲ್ಲೇ ಆ ಷರತ್ತು ಅಡಗಿದೆಯೆಂದು ಭಾವಿಸಬೇಡಿ. ಷರತ್ತು ಇತ್ತೆಂಬುದನ್ನು ಹಿರಿಯರೇ ಹೇಳಿ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿ ದಾನಪತ್ರವನ್ನು ರದ್ದುಪಡಿಸಿತಾದರೂ, ಆ ತಾಯಿಯ ಕೈಯಲ್ಲಿ ಆರೈಕೆಯ ಮಾತು ಬರವಣಿಗೆಯಲ್ಲಿ ಇತ್ತು. ಹೀಗಾಗಿ ಊಟ, ಬಟ್ಟೆ, ವೈದ್ಯಕೀಯ ಆರೈಕೆಗಳನ್ನು ಅವಳು ನೋಡಿಕೊಳ್ಳಬೇಕು, ತಪ್ಪಿದಲ್ಲಿ 23ನೇ ಕಲಮು ಅನ್ವಯಿಸುತ್ತದೆ ಎಂಬ ಒಂದು ಸಾಲನ್ನು ಪತ್ರದಲ್ಲಿಯೇ ಬರೆಯಿಸಿ. ಮೊಮ್ಮಗಳ ಮೇಲೆ ಅಪನಂಬಿಕೆ ತೋರಿಸಿದಂತಾಗುತ್ತದೆಂದು ಸಂಕೋಚಪಡುವವರೇ ಹೆಚ್ಚು. ನಾನು ನೋಡಿದಂತೆ, ನೋಡಿಕೊಳ್ಳುವ ಮನಸ್ಸಿರುವ ಮಕ್ಕಳು ಈ ಸಾಲಿಗೆ ತಕರಾರು ತೆಗೆಯುವುದಿಲ್ಲ.

ಇನ್ನೊಂದು, "ನನ್ನ ಜೀವಿತಾವಧಿಯಲ್ಲಿ ಪರಭಾರೆ ಮಾಡಕೂಡದು" ಎಂಬ ಏಳನೆಯ ಪರಿಚ್ಛೇದ. ಸ್ವತ್ತನ್ನು ಪೂರ್ತಿಯಾಗಿ ಕೊಟ್ಟು ಮಾರಲೇಬಾರದೆಂದು ತಡೆಯೊಡ್ಡುವ ಷರತ್ತು ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಮಿನಡಿ ಬಿದ್ದುಹೋಗುವ ಸಂಭವವಿದೆ. ಅದನ್ನು ನಂಬಿ ಕೂರುವುದಕ್ಕಿಂತ, ಯಾರಿಗೆ ಮಾರಿದರೂ ಅಡವಿಟ್ಟರೂ ನಿಮ್ಮಿಬ್ಬರ ವಾಸದ ಹಕ್ಕಿಗೆ ಒಳಪಟ್ಟೇ ಆಗತಕ್ಕದ್ದು ಎಂದು ಬರೆಯುವುದು ಮೇಲು. ತಾನು ಉಳಿಸಿಕೊಂಡದ್ದನ್ನು ದಾನಿ ಕೊಟ್ಟೇ ಇಲ್ಲ. ಆದ್ದರಿಂದ ಮೊಮ್ಮಗಳು ಅದನ್ನು ಮಾರಲಾರಳು. ಋಣಭಾರ ಪ್ರಮಾಣಪತ್ರದಲ್ಲಿ ದಾನಪತ್ರವೆಂಬ ವ್ಯವಹಾರ ಕಾಣುತ್ತದೆಯೇ ಹೊರತು ಷರತ್ತುಗಳ ಪೂರ್ಣ ಪಾಠ ಕಾಣುವುದಿಲ್ಲ. ಹೀಗಾಗಿ ವಾಸದ ಹಕ್ಕಿನ ಮಾತನ್ನು ಪತ್ರದ ಒಳಗೆ ಮಾತ್ರವಲ್ಲದೆ ಷೆಡ್ಯೂಲಿನ ಕೊನೆಯಲ್ಲಿಯೂ ಒಂದು ಸಾಲಾಗಿ ಇಡಿಸುತ್ತೇನೆ. ಬ್ಯಾಂಕಿನವರಾಗಲಿ ಕೊಳ್ಳುವವರಾಗಲಿ ಮೊದಲು ಓದುವುದು ಷೆಡ್ಯೂಲನ್ನೇ.

ಗಂಡುಮಕ್ಕಳ ಸಹಿಯ ವಿಷಯದಲ್ಲಿ ಪರಿಚಯದವರ ಮಾತು ಅರ್ಧ ತಪ್ಪು. ಸ್ವಯಾರ್ಜಿತ ಸ್ವತ್ತನ್ನು ನೀವು ಯಾರಿಗೆ ಬೇಕಾದರೂ ಕೊಡಬಹುದು, ಯಾರ ಒಪ್ಪಿಗೆಯೂ ಬೇಡ. ನಿವೇಶನ ನಿಮ್ಮ ಸಂಬಳದ್ದು, ಕ್ರಯಪತ್ರ ನಿಮ್ಮ ಹೆಸರಿನಲ್ಲಿದೆ, ಅಲ್ಲಿಯವರೆಗೆ ಗಟ್ಟಿ. ಆದರೆ ಹೊಲ ಮಾರಿದ ದುಡ್ಡಿನ ಮಾತನ್ನು ನೀವು ಹೋಗುತ್ತಾ ಒಂದು ಸಾಲಿನಲ್ಲಿ ಹೇಳಿದ್ದೀರಿ. ನನಗೆ ಕಾಗದಗಳಲ್ಲಿ ಮೊದಲು ನೋಡಬೇಕೆನಿಸಿದ್ದು ಅದೇ. ಆ ಹೊಲ ನಿಮಗೆ ಬಂದದ್ದು ಹೇಗೆ? ನಿಮ್ಮ ತಂದೆಯವರ ಸ್ವಯಾರ್ಜಿತವಾಗಿದ್ದು, 1956ರ ನಂತರ ಅವರು ತೀರಿಕೊಂಡಾಗ ವಾರಸಾಗಿ ಬಂದಿದ್ದರೆ ಸಾಮಾನ್ಯವಾಗಿ ಅದು ನಿಮ್ಮ ಪ್ರತ್ಯೇಕ ಸ್ವತ್ತು, ಮಕ್ಕಳಿಗೆ ಜನ್ಮತಃ ಹಕ್ಕಿಲ್ಲ. ಅಣ್ಣತಮ್ಮಂದಿರೊಡನೆ ಪಿತ್ರಾರ್ಜಿತ ಆಸ್ತಿಯ ವಿಭಾಗವಾಗಿ ನಿಮ್ಮ ಪಾಲಿಗೆ ಬಂದದ್ದಾದರೆ, ನಿಮ್ಮ ಮಕ್ಕಳ ಮಟ್ಟಿಗೆ ಅದು ಕುಟುಂಬದ ಆಸ್ತಿಯೇ, ಅದನ್ನು ಮಾರಿದ ಹಣದಲ್ಲಿ ಎದ್ದ ಮೇಲಂತಸ್ತಿನ ಮೇಲೆ ಅವರು ಕೈಯಿಡಲು ಎಡೆಯಾಗುತ್ತದೆ. ಒಟ್ಟು ಕುಟುಂಬದ ಆಸ್ತಿಯನ್ನು ಪ್ರೀತಿಯಿಂದ ಎಂಬ ಕಾರಣಕ್ಕೆ ದಾನ ಮಾಡಿದರೆ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಕೆ.ಸಿ. ಲಕ್ಷ್ಮಣ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿದೆ.

ಆದ್ದರಿಂದ ಹೊಲದ ಪಹಣಿ, ವಿಭಾಗಪತ್ರ, 2003ರ ಕ್ರಯಪತ್ರ, ಆಗಿನ ಬ್ಯಾಂಕ್ ಪುಸ್ತಕ ಇವುಗಳನ್ನು ಹುಡುಕಿ ತೆಗೆಯಿರಿ. ವಿಭಾಗದಿಂದ ಬಂದ ಹೊಲವೆಂದು ತಿಳಿದುಬಂದರೆ ಇಬ್ಬರು ಗಂಡುಮಕ್ಕಳನ್ನೂ ಒಪ್ಪಿಗೆದಾರರಾಗಿ ಪತ್ರದಲ್ಲಿ ಸೇರಿಸಿ ಸಹಿ ಹಾಕಿಸುವುದು, ಅಥವಾ ಅವರಿಂದ ಮೊದಲೇ ಹಕ್ಕುಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸುವುದು ಸರಿಯಾದ ದಾರಿ. ಸಾಕ್ಷಿಯೆಂದು ಅವರ ಸಹಿ ಪಡೆದರೆ ಸಾಲದು. ಸಾಕ್ಷಿಯು ನೋಡಿದ್ದು ನೀವು ಸಹಿ ಹಾಕಿದ್ದನ್ನೇ ಹೊರತು ಪತ್ರದ ಒಳಗಿನ ಮಾತನ್ನು ಒಪ್ಪಿದನೆಂದು ಆಗುವುದಿಲ್ಲ. ಅವರು ಒಪ್ಪದೆ ಹೋದರೆ ಉಯಿಲಿನ ದಾರಿಯನ್ನು ಗಂಭೀರವಾಗಿ ನೋಡಬೇಕಾಗುತ್ತದೆ. ಒಟ್ಟು ಕುಟುಂಬದ ಆಸ್ತಿಯಲ್ಲಿನ ತನ್ನ ಪಾಲನ್ನು ಹಿಂದೂ ವ್ಯಕ್ತಿ ದಾನ ಮಾಡಲಾಗದಿದ್ದರೂ ಉಯಿಲಿನ ಮೂಲಕ ಕೊಡಬಲ್ಲ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ಮನಸ್ಸು ಬದಲಾದರೆ ಬದಲಿಸಬಹುದು, ಮನೆ ಕೊನೆಯವರೆಗೆ ನಿಮ್ಮದೇ. ಅದರ ಕೊರತೆಯೆಂದರೆ, ಪ್ರಶ್ನೆ ಎದ್ದಾಗ ಉತ್ತರಿಸಲು ನೀವಿರುವುದಿಲ್ಲ. ಇಬ್ಬರು ಸೋದರಮಾವಂದಿರ ಎದುರು ಅವಳೊಬ್ಬಳೇ ನಿಲ್ಲಬೇಕು. ಏನನ್ನೂ ಬರೆಯದೆ ಬಿಟ್ಟರೂ ತೀರಿಕೊಂಡ ಮಗಳ ಮಗಳಾಗಿ ಅವಳಿಗೆ ನಾಲ್ಕರಲ್ಲಿ ಒಂದು ಪಾಲು ಬರುತ್ತದೆ ಎಂಬುದನ್ನು ಅವಳಿಗೂ ತಿಳಿಸಿ. ಇದು ಹಲವರಿಗೆ ಗೊತ್ತಿರುವುದಿಲ್ಲ.

ದಾನವನ್ನೇ ಆರಿಸಿಕೊಂಡರೆ, ಖರ್ಚು ನಿಮ್ಮನ್ನು ಹಿಂಜರಿಸಬೇಕಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಮೊಮ್ಮಕ್ಕಳು ಕುಟುಂಬದ ವ್ಯಾಖ್ಯೆಯಲ್ಲಿ ಸೇರಿರುವುದರಿಂದ ಮನೆಯ ಮೌಲ್ಯದ ಮೇಲೆ ಶೇಕಡಾವಾರು ಶುಲ್ಕವಲ್ಲ, ಸಾವಿರಗಳ ಲೆಕ್ಕದ ನಿಗದಿತ ಶುಲ್ಕ ಮತ್ತು ಅದರ ಮೇಲಿನ ಸೆಸ್ಸು ಅಷ್ಟೇ; ಆ ದಿನದ ಮೊತ್ತ ಉಪನೋಂದಣಿ ಕಚೇರಿಯಲ್ಲಿ ತಿಳಿಯುತ್ತದೆ. ಅಜ್ಜನಿಂದ ಬಂದ ದಾನಕ್ಕೆ ಅವಳು ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ. 1988ರ ಕ್ರಯಪತ್ರವನ್ನೂ ಕಟ್ಟಡದ ಖರ್ಚಿನ ರಸೀದಿಗಳನ್ನೂ ಮಾತ್ರ ಅವಳಿಗೆ ಕೊಟ್ಟಿಡಿ. ಮುಂದೆ ಅವಳು ಮಾರಿದರೆ ಲಾಭದ ಲೆಕ್ಕ ಶುರುವಾಗುವುದು ನಿಮ್ಮ ಖರ್ಚಿನಿಂದಲೇ.

ನೋಂದಣಿಯ ದಿನ ಮೊಮ್ಮಗಳು ಹಾಜರಿದ್ದು "ಈ ದಾನವನ್ನು ಸ್ವೀಕರಿಸಿರುತ್ತೇನೆ" ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ನಿಮ್ಮ ಕರಡಿನಲ್ಲಿ ಆ ಸಾಲು ಇಲ್ಲ. ಸಾಕ್ಷಿಗಳಾಗಿ ನಿಮ್ಮ ವಯಸ್ಸಿನ ಗೆಳೆಯರನ್ನು ಕರೆಯಬೇಡಿ. ವಿವಾದ ಬಂದಾಗ ಕನಿಷ್ಠ ಒಬ್ಬ ಸಾಕ್ಷಿಯನ್ನಾದರೂ ಕಟಕಟೆಗೆ ಕರೆಯಬೇಕಾಗಬಹುದು, ಅದು ಹದಿನೈದು ವರ್ಷಗಳ ನಂತರವೂ ಆಗಬಹುದು. ನಲವತ್ತರ ಆಸುಪಾಸಿನ, ಆಸ್ತಿಯಲ್ಲಿ ಹಿತಾಸಕ್ತಿಯಿಲ್ಲದ ಇಬ್ಬರು ಸಾಕು. ಅವರಲ್ಲೊಬ್ಬರು ನಿಮ್ಮನ್ನು ನೋಡುವ ವೈದ್ಯರಾದರೆ ಇನ್ನೂ ಒಳ್ಳೆಯದು. ಅವಳು ನಿಮ್ಮೊಂದಿಗೇ ಇರುವುದರಿಂದ ಅವಳೇ ಒತ್ತಡ ಹೇರಿ ಬರೆಸಿಕೊಂಡಳು ಎಂಬ ಆರೋಪವೇ ಮೊದಲು ಬರುತ್ತದೆ. ಅದಕ್ಕಾಗಿ ಕರಡನ್ನು ಮಾತಾಡಿಕೊಳ್ಳಲು ವಕೀಲರ ಬಳಿಗೆ ನೀವೊಬ್ಬರೇ ಹೋಗಿ, ಗಂಡುಮಕ್ಕಳಿಗೆ ಓದು ಮತ್ತು ಮನೆಗಾಗಿ ಹಿಂದೆ ಕೊಟ್ಟದ್ದು ಏನಾದರೂ ಇದ್ದರೆ ಅದನ್ನು ಪತ್ರದ ಪೀಠಿಕೆಯಲ್ಲಿ ಎರಡು ಸಾಲಿನಲ್ಲಿ ಹೇಳಿ. ನೋಂದಣಿಯಾದ ಮೇಲೆ ಪಾಲಿಕೆಯಲ್ಲಿ ಖಾತೆ ಅವಳ ಹೆಸರಿಗೆ ಬದಲಾಗಲಿ. ಅವಳು ಸ್ವೀಕರಿಸಿದ್ದಕ್ಕೆ ಅದೂ ಒಂದು ಪುರಾವೆ. ಮೂಲ ದಾನಪತ್ರ ಅವಳ ಬಳಿ ಇದ್ದರೂ, ವಾಸದ ಹಕ್ಕಿನ ಷರತ್ತಿರುವ ದೃಢೀಕೃತ ನಕಲೊಂದನ್ನು ಉಪನೋಂದಣಿ ಕಚೇರಿಯಿಂದ ಪಡೆದು ನಿಮ್ಮ ಶ್ರೀಮತಿಯವರ ಕೈಗೆ ಕೊಡಿ.